ಒಂದೇ ಬಿಲ್, ಎರಡು ಸ್ಕ್ಯಾನ್

ಗುರುವಾರ ಪೇಮೆಂಟ್ ಹೋಗಬೇಕಿತ್ತು. ಮಂಗಳವಾರ ಮಧ್ಯಾಹ್ನ ನನ್ನ ಮುಂದೆ 231 ಬಿಲ್‌ಗಳ ಸ್ಕ್ಯಾನ್ ಇದ್ದವು. ಕೆಲವು ನಮ್ಮ ಆಫೀಸಿನ ಸ್ಕ್ಯಾನರ್‌ನಲ್ಲೇ ಆದದ್ದು, ಕೆಲವು ವೆಂಡರ್‌ಗಳು ಮೇಲ್‌ನಲ್ಲಿ ಕಳಿಸಿದ ಪಿಡಿಎಫ್, ಇನ್ನು ಕೆಲವು ಯಾರೋ ಮೊಬೈಲ್‌ನಲ್ಲಿ ತೆಗೆದ ಫೋಟೋ. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಒಸಿಆರ್ ಅವನ್ನು ಓದಿ ನಂಬರ್, ತಾರೀಖು, ಮೊತ್ತ ಎಲ್ಲ ತುಂಬಿಸಿಟ್ಟಿತ್ತು. ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಡ್ಯೂಪ್ಲಿಕೇಟ್ ಚೆಕ್ ಓಡಿಸಿದೆ. ಒಂದೂ ಸಿಗಲಿಲ್ಲ.

ಮೊದಲಾಗಿದ್ದರೆ ಅಷ್ಟಕ್ಕೇ ನೆಮ್ಮದಿಯಾಗಿ ಮುಂದಿನ ಕೆಲಸ ನೋಡುತ್ತಿದ್ದೆ. ಆದರೆ ಅದಕ್ಕೂ ಹಿಂದಿನ ಬ್ಯಾಚ್‌ನಲ್ಲಿ ಒಂದು ಬಿಲ್ ಎರಡು ಸಲ ಪೇ ಆಗಿತ್ತು. ವೆಂಡರ್ ಒಳ್ಳೆಯವರು, ತಾವೇ ಫೋನ್ ಮಾಡಿ ಹೇಳಿದರು, ಮುಂದಿನ ಬಿಲ್‌ನಲ್ಲಿ ಹೊಂದಿಸಿಕೊಂಡೆವು. ಅವರು ಹೇಳದೇ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆ ವಿಚಾರ ನನ್ನನ್ನು ಬಹಳ ಕಾಡಿತು. ಹಾಗಾಗಿ ಈ ಸಲ ಸಾಫ್ಟ್‌ವೇರ್ 'ಇಲ್ಲ' ಅಂದದ್ದನ್ನು ಸುಮ್ನೆ ನಂಬದೆ, ನಾನೇ ಕೂತು ನೋಡೋಣ ಅಂತ ತೀರ್ಮಾನಿಸಿದೆ.

ಮೊದಲು ನೋಡಿದ್ದು, ಆ ಚೆಕ್ ನಿಜವಾಗಿ ಏನನ್ನು ನೋಡುತ್ತದೆ ಅನ್ನೋದನ್ನು. ನಮ್ಮಲ್ಲಿ ಅದು ನಾಲ್ಕು ವಿಷಯ ಹೋಲಿಸುತ್ತದೆ: ವೆಂಡರ್ ಕೋಡ್, ಬಿಲ್ ನಂಬರ್, ಬಿಲ್ ತಾರೀಖು, ಒಟ್ಟು ಮೊತ್ತ. ನಾಲ್ಕೂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಮಾತ್ರ ಎಚ್ಚರಿಕೆ ಕೊಡುತ್ತದೆ. ಒಂದರಲ್ಲಿ ಒಂದು ಚುಕ್ಕೆ ಆಚೀಚೆ ಆದರೂ ಅದರ ಲೆಕ್ಕದಲ್ಲಿ ಅದು ಬೇರೆ ಬಿಲ್. ಕೈಯಲ್ಲಿ ಟೈಪ್ ಮಾಡುವವರು ಒಬ್ಬರೇ ಇದ್ದು, ಕಾಗದ ಒಂದೇ ದಾರಿಯಲ್ಲಿ ಬರುತ್ತಿದ್ದರೆ ಇದು ಸಾಕಾಗುತ್ತದೆ. ಮೂರು ದಾರಿಯಲ್ಲಿ ಬರುವ ಸ್ಕ್ಯಾನ್‌ಗಳಿಗೆ ಸಾಕಾಗಲ್ಲ.

ಆ ದಿನ ಸಿಕ್ಕ ಒಂದು ಜೋಡಿಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಯಾಕಂದ್ರೆ ಅದರಲ್ಲಿ ನಾಲ್ಕಕ್ಕೆ ನಾಲ್ಕೂ ಬೇರೆ ಬೇರೆ ಇದ್ದವು.

ಮೊದಲನೇ ಸ್ಕ್ಯಾನ್ ನಮ್ಮ ಸ್ಕ್ಯಾನರ್‌ನದು, ನೇರವಾಗಿ, ಸ್ಪಷ್ಟವಾಗಿ ಇತ್ತು. ಬಿಲ್ ನಂಬರ್ `TS/0581-B`, ತಾರೀಖು ಜುಲೈ 3, ಒಟ್ಟು ಮೊತ್ತ 48,380. ಎರಡನೆಯದು ಮೇಲ್‌ನಲ್ಲಿ ಬಂದ ಮೊಬೈಲ್ ಫೋಟೋ. ಸಿಸ್ಟಮ್‌ನಲ್ಲಿ ಅದರ ನಂಬರ್ `TS05818`, ತಾರೀಖು ಮಾರ್ಚ್ 7, ಮೊತ್ತ 41,000. ವೆಂಡರ್ ಕೋಡ್ ಕೂಡ ಬೇರೆ. ಪಟ್ಟಿಯಲ್ಲಿ ಎರಡರ ನಡುವೆ ಎಂಬತ್ತಕ್ಕೂ ಹೆಚ್ಚು ಸಾಲುಗಳ ಅಂತರ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ಯಾರಿಗೂ ಅನಿಸುವುದಿಲ್ಲ.

ಹಾಗಾದ್ರೆ ನನಗೆ ಹೇಗೆ ಸಿಕ್ಕಿತು? ಬಿಲ್ ನಂಬರ್‌ನಿಂದ ಅಲ್ಲ. ಡೆಲಿವರಿ ಚಲನ್ ನಂಬರ್‌ನಿಂದ.

ಸಾಮಾನು ಬಂದಾಗ ಅದರ ಜೊತೆ ಒಂದು ಚಲನ್ ಬರುತ್ತದೆ. ಸ್ಟೋರ್ಸ್‌ನವರು ಅದನ್ನು ನೋಡಿಕೊಂಡೇ ಜಿಆರ್‌ಎನ್ ಮಾಡುತ್ತಾರೆ, ಅಂದರೆ ಇಷ್ಟು ಸಾಮಾನು ಕೈಗೆ ಬಂತು ಅನ್ನೋ ದಾಖಲೆ. ಬಿಲ್ ಅನ್ನು ವೆಂಡರ್ ಎಷ್ಟು ಸಲ ಬೇಕಾದರೂ ಕಳಿಸಬಹುದು, ಹೊಸ ನಂಬರ್ ಹಾಕಿ ಕೂಡ ಕಳಿಸಬಹುದು. ಆದರೆ ಸಾಮಾನು ಬಂದದ್ದು ಒಂದೇ ಸಲ. ಒಂದು ಚಲನ್‌ನ ಒಂದು ಸಾಲಿಗೆ ಎರಡು ಬಿಲ್ ಬಂದರೆ ಅಲ್ಲಿ ಏನೋ ಆಗಿದೆ ಅಂತಲೇ ಅರ್ಥ. ಹಿಂದಿನ ತಪ್ಪಿನ ನಂತರ ನಾನು ಒಂದು ಹಾಳೆಯಲ್ಲಿ ಹೊಸ ಕಾಲಂ ಮಾಡಿ, ಪ್ರತಿ ಬಿಲ್‌ನಲ್ಲಿರುವ ಚಲನ್ ನಂಬರ್ ಅನ್ನು ಕಣ್ಣಿಂದ ನೋಡಿ ಕೈಯಿಂದ ತುಂಬಿಸಲು ಶುರು ಮಾಡಿದ್ದೆ. ಒಸಿಆರ್ ಈ ನಂಬರ್ ಅನ್ನು ಹಿಡಿಯುತ್ತಿರಲಿಲ್ಲ. ಒಬ್ಬೊಬ್ಬ ವೆಂಡರ್ ಒಂದೊಂದು ಕಡೆ ಬರೆಯುತ್ತಾರೆ. ಕೆಲವರು ಕೈಬರಹದಲ್ಲಿ ಬರೆಯುತ್ತಾರೆ. 231 ಬಿಲ್‌ಗೆ ನನಗೆ ಸುಮಾರು ಮೂರು ಗಂಟೆ ಹಿಡಿಯಿತು. ಆ ಕಾಲಂ ಪ್ರಕಾರ ವಿಂಗಡಿಸಿದಾಗ 2217 ಅನ್ನೋ ಚಲನ್ ನಂಬರ್ ಎರಡು ಸಲ ಬಂತು.

ಬೇರೆ ಬೇರೆ ವೆಂಡರ್‌ಗಳ ಚಲನ್ ನಂಬರ್ ಒಂದೇ ಆಗಬಹುದು, ಅದು ಸಹಜ. ಹಾಗಾಗಿ ಎರಡೂ ಸ್ಕ್ಯಾನ್ ತೆರೆದು ಪಕ್ಕಪಕ್ಕ ಇಟ್ಟೆ. ಎರಡರಲ್ಲೂ ಎರಡೇ ಸಾಲು ಐಟಂ. ಮೊದಲನೆಯದು 120 ನಗ, ಎರಡನೆಯದು 44 ನಗ, ಎರಡಕ್ಕೂ ದರ 250. ಅಂದರೆ 30,000 ಮತ್ತು 11,000, ಒಟ್ಟು 41,000. 44 ಅನ್ನೋ ಸಂಖ್ಯೆ ನೋಡಿದ ತಕ್ಷಣ ನನಗೆ ಇದು ಒಂದೇ ಅಂತ ಅನಿಸಿತು. 100, 50, 120 ಇವೆಲ್ಲ ಎಲ್ಲರೂ ತರಿಸುವ ಲೆಕ್ಕ. 44 ಹಾಗಲ್ಲ.

ಆಮೇಲೆ ಜೂಮ್ ಮಾಡಿ ನೋಡಿದೆ. ಬಿಲ್‌ನ ಬಲಮೇಲೆ ಗಾಡಿ ನಂಬರ್ ಬರೆಯುವ ಜಾಗ ಇದೆ. ಮೊದಲನೇ ಸ್ಕ್ಯಾನ್‌ನಲ್ಲಿ ಅಲ್ಲಿ ನೀಲಿ ಪೆನ್ನಿನಲ್ಲಿ ಬರೆದು, ಕೊನೆಯ ಎರಡು ಅಂಕಿ ಹೊಡೆದುಹಾಕಿ, ಮೇಲೆ ಮತ್ತೆ ಬರೆದಿದ್ದರು. ಫೋಟೋದಲ್ಲಿ ಅದೇ ಜಾಗದಲ್ಲಿ ಅದೇ ಗೀಟು, ಅದೇ ತಿದ್ದುಪಡಿ, ಆದರೆ ಬಣ್ಣ ಮಸುಕು ಬೂದು. ಕಾರ್ಬನ್ ಪ್ರತಿ! ಮೊದಲ ಹಾಳೆಯ ಮೇಲೆ ಒತ್ತಿ ಬರೆದದ್ದು ಕೆಳಗಿನ ಹಾಳೆಯ ಮೇಲೆ ಅದೇ ಜಾಗದಲ್ಲಿ ಮೂಡಿತ್ತು. ಬೇರೆ ದಿನ ಬರೆದ ಬೇರೆ ಬಿಲ್‌ನಲ್ಲಿ ಆ ಗೀಟು ಹೀಗೆ ಅಲ್ಲೇ ಬೀಳಲು ಸಾಧ್ಯವೇ ಇಲ್ಲ.

ಇನ್ನು ನಾಲ್ಕು ವಿಷಯ ಯಾಕೆ ಬೇರೆಯಾದವು ಅಂತ ಒಂದೊಂದಾಗಿ ಹುಡುಕಿದೆ. ನನಗೆ ಇದೇ ಮುಖ್ಯವಾಗಿತ್ತು. ಈ ಬಿಲ್ ಸಿಕ್ಕಿತು, ಸರಿ. ಮುಂದಿನದು ಹೇಗೆ ಸಿಗಬೇಕು?

ನಂಬರ್ ವಿಷಯ ಸುಲಭ. ಫೋಟೋದಲ್ಲಿ ನಂಬರ್ ಮೇಲೆ ಒಂದು ಮಡಿಕೆಯ ನೆರಳಿತ್ತು. ಓರೆಗೀಟು, ಅಡ್ಡಗೀಟು ಎರಡೂ ಅದರಲ್ಲಿ ಮುಚ್ಚಿಹೋಗಿದ್ದವು. ಕೊನೆಯ `B` ಅನ್ನು ಒಸಿಆರ್ `8` ಅಂತ ಓದಿತ್ತು. `O` ಮತ್ತು `0`, `I` ಮತ್ತು `1`, `S` ಮತ್ತು `5`, `B` ಮತ್ತು `8`, ಇವು ಒಸಿಆರ್‌ಗೆ ಯಾವಾಗಲೂ ಗೊಂದಲ ಮಾಡುವ ಜೋಡಿಗಳು.

ತಾರೀಖು ಕಾಗದದ ಮೇಲೆ 03/07 ಅಂತಿತ್ತು. ನಮ್ಮ ಸ್ಕ್ಯಾನರ್ ದಾರಿಯಲ್ಲಿ ಬಂದದ್ದನ್ನು ದಿನ ಮೊದಲು, ತಿಂಗಳು ಆಮೇಲೆ ಅಂತ ಓದುವಂತೆ ಹೊಂದಿಸಿತ್ತು. ಮೇಲ್ ದಾರಿಯಲ್ಲಿ ಬಂದದ್ದಕ್ಕೆ ತಿಂಗಳು ಮೊದಲು. ಇದನ್ನು ಯಾರೂ ಗಮನಿಸಿರಲಿಲ್ಲ, ಯಾಕಂದ್ರೆ 12ರ ಮೇಲಿನ ದಿನ ಬಂದಾಗ ಅದು ತಾನೇ ಸರಿಮಾಡಿಕೊಳ್ಳುತ್ತಿತ್ತು. ತಿಂಗಳ ಮೊದಲ ಹನ್ನೆರಡು ದಿನದ ಬಿಲ್‌ಗಳು ಮಾತ್ರ ತಿರುಗುಮುರುಗಾಗುತ್ತಿದ್ದವು. ಹಾಗಾಗಿ ತಪ್ಪು ಆಗಾಗ ಮಾತ್ರ ಕಾಣುತ್ತಿತ್ತು, ಯಾರೋ ಟೈಪಿಂಗ್‌ನಲ್ಲಿ ಮಾಡಿದ ತಪ್ಪು ಅಂತ ನಾವು ತಿದ್ದಿ ಬಿಟ್ಟುಬಿಡುತ್ತಿದ್ದೆವು.

ಮೊತ್ತದ ಕಥೆ ಫೋಟೋ ನೋಡಿದರೇ ತಿಳಿಯುತ್ತದೆ. ಕೆಳಗಿನ ಅಂಚು ಕಟ್ ಆಗಿತ್ತು. ತೆರಿಗೆ ಸೇರಿಸಿದ ಒಟ್ಟು ಮೊತ್ತ 48,380 ಫೋಟೋದಲ್ಲಿ ಇರಲೇ ಇಲ್ಲ. ಒಸಿಆರ್‌ಗೆ ಕಂಡ ಕೊನೆಯ ದೊಡ್ಡ ಸಂಖ್ಯೆ ತೆರಿಗೆಗೆ ಮುಂಚಿನ 41,000. ಅದನ್ನೇ ಒಟ್ಟು ಅಂತ ಹಾಕಿತು. 'ಡ್ಯೂಪ್ಲಿಕೇಟ್ ಕಾಪಿ' ಅಂತ ಅಚ್ಚಾಗಿದ್ದದ್ದೂ ಅದೇ ಕೆಳಗಿನ ಮೂಲೆಯಲ್ಲಿ. ಅದೂ ಕಟ್ ಆಗಿತ್ತು.

ವೆಂಡರ್ ಕೋಡ್ ಮಾತ್ರ ಪೂರ್ತಿ ನಮ್ಮದೇ ತಪ್ಪು. ಆ ವೆಂಡರ್‌ಗೆ ಎರಡು ಕೋಡ್ ಇದ್ದವು, ಒಂದು ಮುಖ್ಯ ಆಫೀಸಿಗೆ, ಇನ್ನೊಂದು ಅವರ ಬ್ರಾಂಚಿಗೆ. ಮೇಲ್ ಬ್ರಾಂಚಿನ ವಿಳಾಸದಿಂದ ಬಂದಿದ್ದರಿಂದ ಬಿಲ್ ಆ ಕೋಡ್‌ಗೆ ಹೋಗಿ ಕೂತಿತ್ತು. ಹಣ ಮಾತ್ರ ಎರಡರಿಂದಲೂ ಒಂದೇ ಬ್ಯಾಂಕ್ ಖಾತೆಗೆ ಹೋಗುತ್ತದೆ.

ಇಷ್ಟು ತಿಳಿದ ಮೇಲೆ ಚೆಕ್ ಮಾಡುವ ಕ್ರಮವನ್ನೇ ತಿರುಗಿಸಿದೆ. ನಂಬರ್‌ನಿಂದ ಶುರು ಮಾಡುವ ಬದಲು ವೆಂಡರ್‌ನಿಂದ ಶುರು ಮಾಡಿದೆ. ವೆಂಡರ್ ಪಟ್ಟಿಯನ್ನು ಬ್ಯಾಂಕ್ ಖಾತೆ ನಂಬರ್ ಪ್ರಕಾರ ವಿಂಗಡಿಸಿ, ಒಂದೇ ಖಾತೆ ಇರುವ ಕೋಡ್‌ಗಳಿಗೆಲ್ಲ ಒಂದೇ ಗುಂಪಿನ ಹೆಸರು ಕೊಟ್ಟೆ. ತೆರಿಗೆ ನೋಂದಣಿ ನಂಬರ್ ಪ್ರಕಾರವೂ ಒಮ್ಮೆ ನೋಡಿದೆ. ಮುಂದಿನ ಹೋಲಿಕೆ ಎಲ್ಲ ಕೋಡ್ ಮೇಲೆ ಅಲ್ಲ, ಈ ಗುಂಪಿನ ಮೇಲೆ.

ಆಮೇಲೆ ಬಿಲ್ ನಂಬರ್. `B` ಕಾಲಂನಲ್ಲಿ ನಂಬರ್ ಇದೆ ಅಂದ್ಕೊಳ್ಳಿ. `C` ಕಾಲಂನಲ್ಲಿ ಖಾಲಿ ಜಾಗ ಮತ್ತು ಗೀಟುಗಳನ್ನು ತೆಗೆದೆ:

```
=SUBSTITUTE(SUBSTITUTE(SUBSTITUTE(UPPER(B2)," ",""),"-",""),"/","")
```

`D` ಕಾಲಂನಲ್ಲಿ ಗೊಂದಲದ ಅಕ್ಷರಗಳನ್ನೆಲ್ಲ ಅಂಕಿಯಾಗಿ ಬದಲಿಸಿದೆ:

```
="K"&SUBSTITUTE(SUBSTITUTE(SUBSTITUTE(SUBSTITUTE(C2,"O","0"),"I","1"),"S","5"),"B","8")
```

ಈಗ `TS/0581-B` ಮತ್ತು `TS05818` ಎರಡೂ `KT505818` ಆಗುತ್ತವೆ. ಮುಂದೆ `K` ಯಾಕೆ ಅಂದ್ರೆ, ಒಂದೇ ನಂಬರ್ ಎಷ್ಟು ಸಲ ಬಂತು ಅಂತ ಎಣಿಸುವ `COUNTIFS`, ಬರೀ ಅಂಕಿಗಳಿರುವ ನಂಬರ್ ಅನ್ನು ಪಠ್ಯವಾಗಿ ನೋಡದೆ ಸಂಖ್ಯೆಯಾಗಿ ನೋಡುತ್ತದೆ. ಎಕ್ಸೆಲ್ ಸಂಖ್ಯೆಯ ಮೊದಲ 15 ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಉದ್ದದ ಬಿಲ್ ನಂಬರ್‌ಗಳು ಕೊನೆಯಲ್ಲಿ ಮಾತ್ರ ಬೇರೆ ಇದ್ದರೆ, ಎಲ್ಲವನ್ನೂ ಒಂದೇ ಅಂತ ತೋರಿಸಿಬಿಡುತ್ತದೆ. ಮುಂದೊಂದು ಅಕ್ಷರ ಇದ್ದರೆ ಈ ತೊಂದರೆ ಇರಲ್ಲ.

ಇದು ಬರೀ ಸಂಶಯ ಹುಟ್ಟಿಸುವ ಕಾಲಂ ಅನ್ನೋದನ್ನು ಮರೆಯಬಾರದು. ನಿಜವಾಗಲೂ `0581-B` ಅಂತ ಒಂದು, `05818` ಅಂತ ಇನ್ನೊಂದು ಬಿಲ್ ಇರಬಹುದು. ಇದು ಎರಡನ್ನೂ ಸೇರಿಸಿಬಿಡುತ್ತದೆ. ಹಾಗಾಗಿ ಇಲ್ಲಿ ಹೊಂದಿಕೆಯಾದವನ್ನು ಸ್ಕ್ಯಾನ್ ತೆರೆದು ನೋಡಬೇಕು, ನೋಡದೆ ತೆಗೆದುಹಾಕಬಾರದು. ಹೋಲಿಕೆಯನ್ನು ಈ ಬ್ಯಾಚ್ ಒಳಗೆ ಮಾತ್ರ ಮಾಡಿದರೂ ಸಾಲದು. ಈಗಾಗಲೇ ಪೇ ಆದವು, ಯಾವುದೋ ಕಾರಣಕ್ಕೆ ಪೇ ಆಗದೆ ಹೋಲ್ಡ್‌ನಲ್ಲಿ ಕೂತಿರುವವು, ಎರಡರ ಜೊತೆಗೂ ಹೋಲಿಸಬೇಕು. ಹೋಲ್ಡ್‌ನಲ್ಲಿರುವವನ್ನು ನಾವು ಮರೆಯುವುದೇ ಜಾಸ್ತಿ. ಅವು ಲೆಡ್ಜರ್‌ಗೆ ಇನ್ನೂ ಹೋಗಿರುವುದಿಲ್ಲ, ಹಾಗಾಗಿ ಲೆಡ್ಜರ್ ನೋಡಿದರೆ ಕಾಣುವುದಿಲ್ಲ. ನಮ್ಮ `TS/0581-B` ಇದ್ದದ್ದೂ ಅಲ್ಲೇ, ಆರು ವಾರದಿಂದ. ಆ ದಿನ ಬೆಳಗ್ಗೆ ಹೋಲ್ಡ್‌ನಲ್ಲಿದ್ದವನ್ನೂ ಪಟ್ಟಿಗೆ ಸೇರಿಸಿದ್ದರಿಂದಲೇ ಅದು ನನ್ನ 231ರೊಳಗೆ ಬಂದಿತ್ತು.

ನಡುವೆ ಇನ್ನೊಂದು ಪ್ರಯತ್ನವೂ ಆಯಿತು. ನಮ್ಮ ಪಕ್ಕದ ಟೀಮಿನ ಹುಡುಗ ಸ್ಕ್ರಿಪ್ಟ್ ಬರೆಯುವುದರಲ್ಲಿ ಚುರುಕು. "ಮೇಡಂ, ಕಣ್ಣಿಂದ ಯಾಕೆ ನೋಡ್ತೀರಿ, ಚಿತ್ರಗಳನ್ನೇ ಹೋಲಿಸಿಬಿಡೋಣ" ಅಂದ. ಪ್ರತಿ ಪುಟವನ್ನು ಚಿಕ್ಕದು ಮಾಡಿ, ಬೆಳಕು ಕತ್ತಲೆ ನೋಡಿ, 64 ಬಿಟ್‌ನ ಒಂದು ಗುರುತು ತೆಗೆಯುವ ವಿಧಾನ. ಎರಡು ಪುಟಗಳ ಗುರುತು ಹತ್ತಿರ ಇದ್ದರೆ ಚಿತ್ರವೂ ಹತ್ತಿರ. ಕೇಳಲು ಚೆನ್ನಾಗಿತ್ತು. ಓಡಿಸಿದಾಗ ಒಬ್ಬ ವೆಂಡರ್‌ನ ಹದಿನೇಳು ಬಿಲ್‌ಗಳೂ ಒಂದಕ್ಕೊಂದು ಡ್ಯೂಪ್ಲಿಕೇಟ್ ಅಂತ ಬಂತು. ಯಾವುದೂ ಅಲ್ಲ.

ಇಬ್ಬರೂ ಕೂತು ಯೋಚಿಸಿದಾಗ ಕಾರಣ ಸ್ಪಷ್ಟವಾಯಿತು. ಪುಟವನ್ನು ಹತ್ತು ಚುಕ್ಕೆಗಿಂತ ಕಡಿಮೆ ಅಗಲಕ್ಕೆ ಇಳಿಸಿದರೆ ಉಳಿಯುವುದು ಏನು? ಮೇಲೆ ಲೋಗೋ ಇರುವ ಕಪ್ಪು ಭಾಗ, ನಡುವೆ ಟೇಬಲ್, ಕೆಳಗೆ ಸೀಲ್. ನಂಬರ್, ತಾರೀಖು, ಮೊತ್ತ ಎಲ್ಲ ಅಳಿಸಿಹೋಗುತ್ತದೆ. ಒಬ್ಬ ವೆಂಡರ್‌ನ ಎಲ್ಲ ಬಿಲ್‌ಗಳ ಅಚ್ಚು ಒಂದೇ ಅಲ್ವಾ? ಹಾಗಾಗಿ ಅವೆಲ್ಲ ಒಂದೇ ಥರ ಕಂಡವು. ನಿಜವಾದ ಡ್ಯೂಪ್ಲಿಕೇಟ್ ಆಗಿದ್ದ ನಮ್ಮ ಫೋಟೋ ಮಾತ್ರ ಓರೆಯಾಗಿ, ಮೇಜಿನ ಅಂಚು ಸೇರಿಸಿ ತೆಗೆದದ್ದು. ಅದು ತನ್ನ ಜೋಡಿಯಿಂದ ಬಹಳ ದೂರ ಬಿತ್ತು. ಬೇಕಾದದ್ದು ತಪ್ಪಿಹೋಯಿತು, ಬೇಡದ್ದೆಲ್ಲ ಸಿಕ್ಕಿತು. ಆ ಸ್ಕ್ರಿಪ್ಟ್ ಅನ್ನು ನಾವು ಬಿಡಲಿಲ್ಲ, ಚಿತ್ರದ ಬದಲು ಫೈಲ್‌ಗಳನ್ನೇ ಹೋಲಿಸುವಂತೆ ಬದಲಿಸಿದೆವು. ಒಂದೇ ಪಿಡಿಎಫ್ ಎರಡು ಮೇಲ್‌ನಲ್ಲಿ ಬಂದಿದ್ದರೆ ಅದನ್ನು ಹಿಡಿಯಲು, ಇಡೀ ಫೈಲ್ ಓದಿ ಒಂದು ಗುರುತು ಕೊಡುವ `sha256sum` ಸಾಕು, ಅಲ್ಲಿ ತಪ್ಪಾಗುವುದಿಲ್ಲ. ಆದರೆ ಅದೇ ಕಾಗದವನ್ನು ಮತ್ತೆ ಸ್ಕ್ಯಾನ್ ಮಾಡಿದರೆ ಫೈಲ್ ಬೇರೆ, ಗುರುತೂ ಬೇರೆ. ಅಲ್ಲಿಗೆ ಚಲನ್ ನಂಬರ್ ಮತ್ತು ಐಟಂ ಸಾಲುಗಳೇ ಬೇಕು.

ಐಟಂ ಸಾಲುಗಳನ್ನು ಹೋಲಿಸಲು ನಾನು ಸುಲಭದ ದಾರಿ ಹಿಡಿದೆ. ಪ್ರತಿ ಬಿಲ್‌ಗೂ ಪ್ರಮಾಣಗಳನ್ನು ಮಾತ್ರ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಒಂದು ಸಾಲು ಬರೆದೆ. ನಮ್ಮ ಬಿಲ್‌ಗೆ ಅದು `44|120`. ಒಂದೇ ಗುಂಪಿನ ವೆಂಡರ್, ಒಂದೇ ಸಾಲು ಬಂದರೆ ತೆರೆದು ನೋಡುವುದು. ತೆರಿಗೆ ಸೇರಿದ್ದರೂ ಬಿಟ್ಟಿದ್ದರೂ, ಸಾಗಣೆ ಖರ್ಚು ಹಾಕಿದ್ದರೂ ಹಾಕದಿದ್ದರೂ ಪ್ರಮಾಣ ಬದಲಾಗುವುದಿಲ್ಲ. ಒಟ್ಟು ಮೊತ್ತಕ್ಕಿಂತ ಇದರ ಮೇಲೆ ನನಗೆ ಹೆಚ್ಚು ನಂಬಿಕೆ. ಒಂದೊಂದು ಸೇವೆಗೆ ಒಂದೊಂದು ಅಂತ ಬಿಲ್ ಬರುವ ಕಡೆ, ಅಂದರೆ ಬಾಡಿಗೆ, ನಿರ್ವಹಣೆ ಇಂಥವಕ್ಕೆ, ಇದು ಕೆಲಸ ಮಾಡುವುದಿಲ್ಲ. ಅಲ್ಲಿ ಪ್ರಮಾಣ ಯಾವಾಗಲೂ ಒಂದೇ, ಮೊತ್ತವೂ ಒಂದೇ. ಅವುಗಳಲ್ಲಿ ಯಾವ ತಿಂಗಳಿನದು ಅನ್ನೋದನ್ನೇ ನೋಡಬೇಕು.

ಇದೇ ದಾರಿಯಲ್ಲಿ ಇನ್ನೊಂದು ಜೋಡಿಯೂ ಸಿಕ್ಕಿತು. ಒಂದೇ ವೆಂಡರ್, ಒಂದೇ ದಿನ, ಒಂದೇ ಪ್ರಮಾಣ, ಒಂದೇ ಮೊತ್ತ. ಬಿಲ್ ನಂಬರ್ ಮಾತ್ರ ಒಂದರ ಹಿಂದೆ ಒಂದು. ಇದು ಖಂಡಿತ ಡ್ಯೂಪ್ಲಿಕೇಟ್ ಅಂತ ಅನಿಸಿ ಎರಡನೆಯದನ್ನು ಹೋಲ್ಡ್‌ಗೆ ಹಾಕಲು ಹೊರಟಿದ್ದೆ. ಚಲನ್ ನಂಬರ್ ನೋಡಿದರೆ ಅವು ಬೇರೆ ಬೇರೆ. ಸ್ಟೋರ್ಸ್‌ಗೆ ಫೋನ್ ಮಾಡಿದೆ.

"ಹೌದು ಮೇಡಂ, ಆ ದಿನ ಅದೇ ಗಾಡಿ ಎರಡು ಟ್ರಿಪ್ ಬಂತು. ಬೆಳಗ್ಗೆ ಒಂದು, ಸಂಜೆ ಒಂದು. ಎರಡು ಜಿಆರ್‌ಎನ್ ಮಾಡಿದ್ದೀವಿ, ನಂಬರ್ ಕೊಡ್ಲಾ?" ಅಂದರು.

ನಂಬರ್ ತೆಗೆದುಕೊಂಡು ಎರಡನ್ನೂ ಪೇಮೆಂಟ್‌ಗೆ ಬಿಟ್ಟೆ. ಮೊತ್ತ ಒಂದೇ ಅನ್ನೋದನ್ನೇ ಸಾಕ್ಷಿ ಅಂತ ಹಿಡಿದು ನಿಲ್ಲಿಸಿದ್ದರೆ ಒಬ್ಬರಿಗೆ ನ್ಯಾಯವಾಗಿ ಬರಬೇಕಾದ ಹಣ ತಡವಾಗುತ್ತಿತ್ತು. ಹಣ ತಡವಾದರೆ ಆ ವೆಂಡರ್ ಏನು ಮಾಡುತ್ತಾರೆ? ಬಿಲ್ ಅನ್ನು ಮತ್ತೆ ಕಳಿಸುತ್ತಾರೆ.

`TS/0581-B` ವಿಷಯದಲ್ಲಿ ಆದದ್ದೂ ಇದೇ. ಬುಧವಾರ ಬೆಳಗ್ಗೆ ಆ ವೆಂಡರ್‌ಗೆ ಫೋನ್ ಮಾಡಿದೆ. ಲೆಕ್ಕ ನೋಡುವ ಹಿರಿಯರು ಮಾತಾಡಿದರು. ಅವರ ದನಿಯಲ್ಲಿ ಸ್ವಲ್ಪ ಬೇಸರ ಇತ್ತು.

"ನಾವು ಮೂರು ಸಲ ಕೇಳಿದ್ವಿ ಮೇಡಂ. ಬಿಲ್ ಬಂತಾ, ಏನಾಯ್ತು ಅಂತ ಯಾರೂ ಹೇಳ್ಲಿಲ್ಲ. ಕಾಗದ ಕಳೆದುಹೋಗಿರಬೇಕು ಅಂದ್ಕೊಂಡು ನಮ್ಮ ಹತ್ರ ಇದ್ದ ಕಾಪಿ ಫೋಟೋ ತೆಗೆದು ಕಳಿಸಿದ್ವಿ. ಬ್ರಾಂಚಲ್ಲಿ ಇದ್ದ ಹುಡುಗನಿಗೆ ಹೇಳಿ ಕಳಿಸಿಸಿದೆ."

"ಸರ್, ನಿಮ್ಮ ಬಿಲ್ ಕಳೆದಿಲ್ಲ. 120ರ ಬದಲು 118 ಬಂದಿದೆ ಅಂತ ಸ್ಟೋರ್ಸ್‌ನವರು ಬರೆದಿದ್ದಾರೆ. ಅದಕ್ಕೇ ನಿಂತಿತ್ತು. ನಾವು ನಿಮಗೆ ಆವತ್ತೇ ತಿಳಿಸಬೇಕಿತ್ತು, ತಪ್ಪಾಯ್ತು."

ಅವರು ಒಂದು ಕ್ಷಣ ಸುಮ್ಮನಾದರು. "ಎರಡು ನಗಕ್ಕಾ? ಅದನ್ನ ಆವತ್ತೇ ಹೇಳಿದ್ರೆ ಕ್ರೆಡಿಟ್ ನೋಟ್ ಕೊಟ್ಟುಬಿಡ್ತಿದ್ವಲ್ಲಮ್ಮಾ" ಅಂದರು.

ಮಧ್ಯಾಹ್ನ ಕ್ರೆಡಿಟ್ ನೋಟ್ ಬಂತು. ಎರಡು ನಗಕ್ಕೆ 500, ಅದರ ತೆರಿಗೆ 90, ಒಟ್ಟು 590. ಫೋಟೋ ಆಗಿ ಬಂದ ಬಿಲ್ ಅನ್ನು ನಾನು ಡಿಲೀಟ್ ಮಾಡಲಿಲ್ಲ. ಮಾಡಿದರೆ ಆಡಿಟ್‌ನವರು ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ. ಅದೇ ಬಿಲ್ ಮೂರನೇ ಸಲ ಬಂದರೆ ಗುರುತಿಸಲೂ ಆಗುವುದಿಲ್ಲ. ಅದನ್ನು ತಿರಸ್ಕರಿಸಿ, ಟಿಪ್ಪಣಿಯಲ್ಲಿ '`TS/0581-B` ಬಿಲ್‌ನ ಕಾರ್ಬನ್ ಪ್ರತಿ, ಚಲನ್ 2217' ಅಂತ ಬರೆದು, ಮೊದಲ ಸ್ಕ್ಯಾನ್‌ಗೆ ಜೋಡಿಸಿದೆ. ಮೇಲ್ ದಾರಿಯ ತಾರೀಖಿನ ಕ್ರಮವನ್ನೂ ಅವತ್ತೇ ಬದಲಿಸಿದರು. ಬ್ರಾಂಚಿನ ವೆಂಡರ್ ಕೋಡ್ ಅನ್ನು ಹೊಸ ಬಿಲ್ ಹಾಕದಂತೆ ಮುಚ್ಚಿದರು.

ಈಗ ಬಿಲ್ ಅನ್ನು ಹೋಲ್ಡ್‌ಗೆ ಹಾಕಿದರೆ, ಅದೇ ದಿನ ವೆಂಡರ್‌ಗೆ ಎರಡು ಸಾಲಿನ ಮೇಲ್ ಹೋಗುತ್ತದೆ: ನಿಮ್ಮ ಇಂಥ ನಂಬರಿನ ಬಿಲ್ ನಮಗೆ ಬಂದಿದೆ, ಇಂಥ ಕಾರಣಕ್ಕೆ ನಿಂತಿದೆ. ಇದನ್ನು ಶುರು ಮಾಡಿದ ಮೇಲೆ ಮತ್ತೆ ಕಳಿಸಿದ ಬಿಲ್‌ಗಳು ಕಡಿಮೆಯಾಗಿವೆ. ಪೂರ್ತಿ ನಿಂತಿಲ್ಲ, ಹಾಗಾಗಿ ಚಲನ್ ಕಾಲಂ ತುಂಬುವುದನ್ನೂ ನಾನು ಬಿಟ್ಟಿಲ್ಲ.

ಆ ಗುರುವಾರ 230 ಬಿಲ್ ಪೇಮೆಂಟ್‌ಗೆ ಹೋದವು. `TS/0581-B` ಗೆ ಹೋದದ್ದು 47,790, ಒಂದೇ ಸಲ.